ತೋಳಳತೆಯ ದೂರದಲ್ಲಿ

ಇಬ್ಬರು ಎದುರಾದಾಗ ಅವರ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಿಲ್ಲ. ಆದರೂ ಅದು ನಮಗೆ ತಿಳಿದಿದೆ. ಕಾಸರಗೋಡಿನ ನಮ್ಮ ಮನೆಗಳಲ್ಲಿ ಬಂದವರಿಗೆ ಕೈಮುಗಿಯುತ್ತೇವೆ, ಬೆಲ್ಲ ನೀರು ಕೊಡುತ್ತೇವೆ, ಹಿರಿಯರಾದರೆ ಕಾಲು ಮುಟ್ಟುತ್ತೇವೆ. ಇದರಲ್ಲೆಲ್ಲೂ ಒಬ್ಬರ ಮುಖದ ಬಳಿಗೆ ಇನ್ನೊಬ್ಬರ ಮುಖ ಬರುವುದಿಲ್ಲ. ಮಗಳು ಸಂಶೋಧನೆಗಾಗಿ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿದ್ದಾಗ ಒಂದೂವರೆ ತಿಂಗಳು ನಾನೂ ಅವಳೊಂದಿಗಿದ್ದೆ. ಅಲ್ಲಿ ಪರಿಚಿತರ ನಡುವಣ ವಂದನೆಯು ಕೆನ್ನೆಯ ಮೂಲಕವೇ ಸಲ್ಲುತ್ತದೆ. ಅದಕ್ಕೆ 'ಬೀಸ್' ಎಂದು ಹೆಸರು.

ಹೆಸರಿನ ಅರ್ಥ ಮುತ್ತು ಎಂದಾದರೂ ವಾಸ್ತವವಾಗಿ ತುಟಿ ಕೆನ್ನೆಯನ್ನು ಮುಟ್ಟುವುದಿಲ್ಲ. ಕೆನ್ನೆಗೆ ಕೆನ್ನೆ ಹಗುರವಾಗಿ ತಾಗುತ್ತದೆ, ತುಟಿ ಗಾಳಿಯಲ್ಲಿ ಸಣ್ಣ ಸದ್ದು ಮಾಡುತ್ತದೆ, ಅಷ್ಟೆ. ಹೆಂಗಸರು ಪರಸ್ಪರ, ಹೆಂಗಸರು ಗಂಡಸರು ಪರಸ್ಪರ ಹೀಗೆ ವಂದಿಸುತ್ತಾರೆ; ಗಂಡಸರಿಬ್ಬರು ನೆಂಟರೋ ಆಪ್ತರೋ ಅಲ್ಲದಿದ್ದರೆ ಸಾಮಾನ್ಯವಾಗಿ ಕೈಕುಲುಕುತ್ತಾರೆ. ಎಷ್ಟು ಬಾರಿ ಎಂಬುದು ಊರಿನ ಲೆಕ್ಕ. ಪ್ಯಾರಿಸಿನಲ್ಲಿ ಎರಡು, ಮೊಂಪೆಲಿಯೆಯಲ್ಲಿ ಮೂರು, ಪಶ್ಚಿಮದ ಕೆಲವೆಡೆ ನಾಲ್ಕು. ಯಾವ ಕೆನ್ನೆ ಮೊದಲು ಎಂಬುದರಲ್ಲಿಯೂ ಪ್ರದೇಶಭೇದವಿದೆ. ಬೇರೆ ಊರಿಗೆ ಹೋದ ಫ್ರೆಂಚರೇ ಈ ಲೆಕ್ಕ ತಪ್ಪಿ ನಗುವುದುಂಟು. ಆದ್ದರಿಂದ ಹೊಸಬರು ಎಣಿಸುವ ಗೋಜಿಗೆ ಹೋಗಬೇಕಾಗಿಲ್ಲ. ತಲೆಯನ್ನು ಸ್ಥಿರವಾಗಿಟ್ಟು, ಸ್ಥಳೀಯರು ಬಾಗಿದ ಕಡೆಗೆ ಹೊಂದಿಕೊಂಡು, ಅವರು ನಿಲ್ಲಿಸಿದಾಗ ನಿಲ್ಲಿಸಿದರೆ ಸಾಕು.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಎಣಿಕೆಯದಲ್ಲ. ನನಗೆ ಒಗ್ಗದ ಸ್ಪರ್ಶವನ್ನು ಅವರ ಮನ ನೋಯದಂತೆ ನಿರಾಕರಿಸುವುದು ಹೇಗೆ? ನೆರೆಮನೆಯ ವೃದ್ಧೆಯೊಬ್ಬರು ಮಗಳ ಮೂಲಕ ಇದಕ್ಕೆ ಉತ್ತರ ಹೇಳಿದರು: "ಬೇಡವೆನ್ನುವುದು ಅವಮಾನವಲ್ಲ; ನಾನು ಬಾಗಿದ ಮೇಲೆ ನೀವು ಹಿಂದೆ ಸರಿದರೆ ಅದು ಅವಮಾನ." ಅಲ್ಲಿಯ ಬೀದಿ ಅಂಗಳಗಳನ್ನು ಗಮನಿಸಿದಾಗ ಆ ಮಾತಿನ ಮರ್ಮ ತಿಳಿಯಿತು. ತೋಳಳತೆಯ ದೂರಕ್ಕೆ ಬರುವ ಮೊದಲೇ ವಂದನೆಯ ಬಗೆ ನಿಶ್ಚಯವಾಗಿಬಿಡುತ್ತದೆ. ಎರಡು ಹೆಜ್ಜೆ ಆಚೆಯಿಂದಲೇ ನಗುತ್ತ 'ಬೋಂಜೂರ್' ಎಂದು ಕೈ ಚಾಚಿದರೆ ಎದುರಿನವರು ಆ ಕೈಯನ್ನೇ ಹಿಡಿಯುತ್ತಾರೆ. ಅದೇ ಕೈ ಮುಖ ಸಮೀಪಿಸಿದ ಮೇಲೆ ಚಾಚಿದರೆ ತಡೆಯುವ ಕೈಯಾಗುತ್ತದೆ. ನಮ್ಮ ಜೋಡಿಸಿದ ಕೈಗಳಿಗೂ ಇದೇ ನ್ಯಾಯ.

ಒಂದು ಭಾನುವಾರ ಮಗಳ ಸಹೋದ್ಯೋಗಿಯ ಮನೆಯಲ್ಲಿ ಮಧ್ಯಾಹ್ನದ ಊಟವಿತ್ತು. ಮನೆಯಲ್ಲಿ ಆರು ಜನ: ದಂಪತಿ, ಅತ್ತೆ, ಮೈದುನ, ಇಬ್ಬರು ಮಕ್ಕಳು. ಹೆಂಗಸರಿಗೆ ಬೀಸ್, ಗಂಡಸರಿಗೆ ಹಸ್ತಲಾಘವ ಎಂದು ನಾನು ಮೆಟ್ಟಿಲು ಹತ್ತುವಾಗಲೇ ನಿಶ್ಚಯಿಸಿಕೊಂಡಿದ್ದೆ. ಮನೆಯೊಡತಿ ಬಾಗಿಲಲ್ಲೇ ಮೂರು ಬಾರಿ ಕೆನ್ನೆ ತಾಗಿಸಿದಳು. ಕುರ್ಚಿಯಲ್ಲಿದ್ದ ಅತ್ತೆಯವರಿಗೆ ನಾನೇ ಬಾಗಿದೆ. ಹಿರಿಯರ ಮುಂದೆ ಬಾಗುವುದು ನನಗೆ ಹೊಸತಾಗಿರಲಿಲ್ಲ. ಚಾಚಿದ ಕೈಯನ್ನು ಗಮನಿಸದೆ ಮೈದುನ ಮುಂದೆ ಬಾಗಿದಾಗ ನಾನು ಹಿಂದೆ ಸರಿಯಲಿಲ್ಲ. ನಿಂತಲ್ಲಿಯೇ ಬಲಗೈಯನ್ನು ಎದೆಯ ಮೇಲಿಟ್ಟು, ಅವನ ಕಣ್ಣು ನೋಡಿ ನಕ್ಕು, "ನಮ್ಮ ಊರಲ್ಲಿ ಹೀಗೆ" ಎಂದೆ. ಮಗಳು ಅದನ್ನು ಫ್ರೆಂಚಿನಲ್ಲಿ ಹೇಳಿದಳು. ಅವನೂ ಎದೆಗೆ ಕೈಯಿಟ್ಟು ತಲೆಬಾಗಿಸಿದ. ನಮ್ಮ ನೆರೆಯ ಮುಸ್ಲಿಂ ಹಿರಿಯರು ಸಲಾಂ ಹೇಳಿ ಎದೆಗೆ ಕೈಯಿಡುವುದನ್ನು ಬಾಲ್ಯದಿಂದ ಕಂಡವಳಿಗೆ ಆ ಭಂಗಿ ಸಹಜವಾಗಿಯೇ ಒದಗಿತು.

ಅಲ್ಲಿ ನಿಜವಾಗಿ ನೋವಾಗುವುದು ಯಾರನ್ನಾದರೂ ಬಿಟ್ಟಾಗ. ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತ ಹುಡುಗನಿಗೂ ಪ್ರತ್ಯೇಕವಾಗಿ ವಂದನೆ ಸಲ್ಲಬೇಕು. ಕೋಣೆಗೆಲ್ಲ ಸೇರಿಸಿ ಒಂದು ನಮಸ್ಕಾರವೆಂಬುದು ಅಂಥ ಕೂಟಗಳಲ್ಲಿ ಸಾಲದು. ಅಂಗಡಿಯಲ್ಲಿ ಕೆನ್ನೆಯೂ ಬೇಡ, ಕೈಯೂ ಬೇಡ. ಆದರೆ 'ಬೋಂಜೂರ್' ಎನ್ನದೆ ಬೆಲೆ ಕೇಳಿದರೆ ಒರಟುತನವೆನಿಸುತ್ತದೆ.

ಶೀತವಾಗಿದ್ದರೆ ಹಾಗೆಂದು ಮೊದಲೇ ಹೇಳಿಬಿಡಬಹುದು, ಎಲ್ಲರೂ ಮೆಚ್ಚುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಬೀಸ್ ಬಿಟ್ಟವರಲ್ಲಿ ಅನೇಕರು ಮತ್ತೆ ಅದಕ್ಕೆ ಮರಳಿಲ್ಲವಾದ್ದರಿಂದ ಹೊಸಬರು ತಾವಾಗಿ ಕೆನ್ನೆ ಮುಂದೊಡ್ಡುವುದೂ ಉಚಿತವಲ್ಲ. ಇನ್ನು ಕೆನ್ನೆ ಬೇಡವೆಂದು ಅಪ್ಪಿಕೊಳ್ಳಹೋಗಬಾರದು. ಮೈಗೆ ಮೈ ತಾಗುವ ಅಪ್ಪುಗೆ ಅಲ್ಲಿ ಬೀಸ್‌ಗಿಂತ ಹೆಚ್ಚಿನ ಸಲುಗೆಯದು.

ಹೊರಡುವಾಗ ಇದೆಲ್ಲವೂ ಒಬ್ಬೊಬ್ಬರೊಂದಿಗೆ ಮತ್ತೊಮ್ಮೆ ನಡೆಯಬೇಕು. ಬಸ್ಸು ಹಿಡಿಯಬೇಕಾದವರು ಕಾಲು ಗಂಟೆ ಮುಂಚಿತವಾಗಿ ಏಳುವುದು ಮೇಲು.