ಎರಡನೇ ಮಾನಿಟರ್ ಏಳುತ್ತಿಲ್ಲ

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಒಂದು ಕಾಲಕ್ಕೆ ಬೈಕಿನ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಿ.ಎಚ್. ರಸ್ತೆಯ ಅಂಗಡಿಯೊಂದಕ್ಕೆ ಸರ್ವಿಸ್ ಹುಡುಗನಾಗಿ ಸೇರಿದಾಗ ಬ್ಯಾಗಿನಲ್ಲಿ ಇರುತ್ತಿದ್ದದ್ದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಹಳೆಯ ಎಸ್‌ಎಂಪಿಎಸ್, ಒಂದು ಚಿಮಟ, ರ‍್ಯಾಮ್ ಉಜ್ಜಲು ಒಂದು ಪೆನ್ಸಿಲ್ ರಬ್ಬರ್. ಅಂಗಡಿಯ ಲ್ಯಾಂಡ್‌ಲೈನಿಗೆ ಫೋನ್ ಬರುತ್ತಿತ್ತು. ಗುಬ್ಬಿಯ ಅಡಿಕೆ ಮಂಡಿಯ ಯಜಮಾನರು, "ಟಿ.ವಿ. ಬರ್ತಿಲ್ಲ ಕಣಪ್ಪ, ಬಂದು ನೋಡು" ಅನ್ನುತ್ತಿದ್ದರು. ಅವರ ಪಾಲಿಗೆ ಮಾನಿಟರ್ ಅಂದರೆ ಟಿ.ವಿ.ಯೇ. ಏನಾಗಿದೆ, ಯಾವಾಗಿನಿಂದ ಎಂದು ಕೇಳುವುದು ನಮಗೂ ಬೇಕಿರಲಿಲ್ಲ. ಗಾಡಿ ಹತ್ತಿ ಹೋಗಿ ಕಣ್ಣಾರೆ ನೋಡಿದರೆ ಗೊತ್ತಾಗುತ್ತಿತ್ತು. ಕುಣಿಗಲ್ಲಿನ ವಕೀಲರ ಆಫೀಸಿಗೆ ಹೋಗಿ ಬಂದರೆ ಅರ್ಧ ದಿನ ಮುಗಿದಂತೆ.

ಆಗಿನ ಮಾನಿಟರುಗಳ ರೋಗಗಳೂ ಕಣ್ಣಿಗೆ ಕಾಣುವಂಥವು. ಕೇಬಲ್ ಮಾನಿಟರಿನ ಬೆನ್ನಿಗೇ ಅಂಟಿಕೊಂಡಿರುತ್ತಿತ್ತು. ಇನ್ನೊಂದು ತುದಿಯಲ್ಲಿ 15 ಪಿನ್ನಿನ ವಿಜಿಎ ಕನೆಕ್ಟರ್. ಪರದೆಯೆಲ್ಲ ಹಳದಿಗೆ ತಿರುಗಿದ್ದರೆ ನೀಲಿ ಬಣ್ಣದ ಪಿನ್ ಬಗ್ಗಿದೆ ಎಂದೇ ಅರ್ಥ. ಚಿಮಟದಿಂದ ನೇರ ಮಾಡಿ, ಎರಡೂ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಪರದೆ ಮಲಗುವುದೂ ಸರಳವಾಗಿತ್ತು. 1993ರಲ್ಲಿ ವೆಸಾ ಸಂಸ್ಥೆ ಅದಕ್ಕೊಂದು ನಿಯಮ ಮಾಡಿತ್ತು: ಕಂಪ್ಯೂಟರ್ ಚಿತ್ರದ ಜೊತೆ ಕಳಿಸುವ ಅಡ್ಡ ಮತ್ತು ಉದ್ದದ ಸಿಂಕ್ ಸಂಕೇತಗಳನ್ನು ನಿಲ್ಲಿಸಿದರೆ ಮಾನಿಟರ್ ಮಲಗಬೇಕು, ಮತ್ತೆ ಕಳಿಸಿದರೆ ಏಳಬೇಕು. ಹಸಿರು ದೀಪ ಕೇಸರಿಯಾಗುತ್ತಿತ್ತು. ಮೌಸ್ ಅಲುಗಿಸಿದರೆ ಒಳಗೆಲ್ಲೋ 'ಟಕ್' ಎಂದು ರಿಲೇ ಬಡಿದು, ಗಾಜಿನ ಕೊಳವೆ ಬಿಸಿಯಾಗಿ, ಚಿತ್ರ ಮೆಲ್ಲಗೆ ಮೂಡುತ್ತಿತ್ತು. ಮಾನಿಟರ್ ಎದ್ದಿತೋ ಇಲ್ಲವೋ ಎಂದು ಕಂಪ್ಯೂಟರ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತನ್ನ ಪಾಡಿಗೆ ತಾನು ಚಿತ್ರ ಕಳಿಸುತ್ತಲೇ ಇರುತ್ತಿತ್ತು.

ಆಮೇಲೆ ನಾನೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವವರ ಗುಂಪು ಸೇರಿದೆ. ಕಂಪನಿಯೊಂದರ ಐಟಿ ಡೆಸ್ಕ್. ಅಲ್ಲಿ ಬೈಕ್ ಬೇಡ, ಲಿಫ್ಟ್ ಸಾಕು. ಯಾರೋ ಟಿಕೆಟ್ ಹಾಕಿದರೆ ಎರಡು ಮಹಡಿ ಇಳಿದು ಅವರ ಮೇಜಿಗೆ ಹೋಗುವುದು. ಟಿಕೆಟ್ಟಿನಲ್ಲಿ ಏನು ಬರೆದಿದೆ ಎಂಬುದನ್ನು ಅಲ್ಲಿಯೂ ಯಾರೂ ಓದುತ್ತಿರಲಿಲ್ಲ, ಸೀಟ್ ನಂಬರ್ ಒಂದಿದ್ದರೆ ಆಯಿತು.

2020ರ ಮಾರ್ಚಿನಲ್ಲಿ ಇದೆಲ್ಲ ಒಮ್ಮೆಗೇ ನಿಂತಿತು. ಕಂಪನಿ ಸಿಸ್ಟಮ್ಮುಗಳನ್ನೂ ಮಾನಿಟರುಗಳನ್ನೂ ಮನೆಗಳಿಗೆ ಸಾಗಿಸಿತು. ನಾನು ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತೆ. ಲಾಕ್‌ಡೌನ್ ಮುಗಿದರೂ ಎಷ್ಟೋ ಜನ ಮನೆಯಿಂದಲೇ ಕೆಲಸ ಮುಂದುವರಿಸಿದರು, ನಾನೂ ಮುಂದುವರಿಸಿದೆ. ಕಣ್ಣು, ಕೈ ಎರಡೂ ಹೋಗಿ ನಮಗೆ ಉಳಿದದ್ದು ಇಮೇಲ್. ರಿಮೋಟಿನಲ್ಲಿ ಅವರ ಕಂಪ್ಯೂಟರಿನೊಳಗೆ ಹೋಗಬಹುದಿತ್ತು, ಖರೆ. ಆದರೆ ಕಪ್ಪಾದ ಪರದೆ ಕಪ್ಪಾಗಿದೆ ಎಂಬುದು ರಿಮೋಟಿನಲ್ಲಿ ಕಾಣುವುದಿಲ್ಲ. ಕೇಬಲಿನ ಆಚೆ ತುದಿಯಲ್ಲಿ ಏನಿದೆ ಎಂದು ಹೇಳಬಲ್ಲವರು ಅದರ ಮುಂದೆ ಕೂತವರು ಮಾತ್ರ.

ಬಂದ ಮೇಲುಗಳಲ್ಲಿ ಮುಕ್ಕಾಲು ಪಾಲು ಒಂದೇ ಸಾಲಿನವು: ಸೆಕೆಂಡ್ ಮಾನಿಟರ್ ಕೆಲಸ ಮಾಡ್ತಿಲ್ಲ, ಅರ್ಜೆಂಟ್. ಇದರಿಂದ ಏನೂ ತಿಳಿಯದು. ಅವುಗಳ ನಡುವೆ ಒಮ್ಮೆ ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರಿಂದ ಬಂದ ಮೇಲನ್ನು ನಾನು ಇವತ್ತಿಗೂ ಹೊಸ ಹುಡುಗರಿಗೆ ಓದಿ ಹೇಳುತ್ತೇನೆ. ಸಾಮಾನು ಕಳಿಸಿದ ಪಟ್ಟಿ ನೋಡಿದರೆ ಅವರ ಮನೆಯೂ ಸದಾಶಿವನಗರದಲ್ಲೇ, ನಡೆದೇ ಹೋಗುವಷ್ಟು ಹತ್ತಿರ. ಮನೆಗೆ ಹೋಗಿ ರಿಪೇರಿ ಮಾಡಕೂಡದೆಂದು ಕಂಪನಿಯ ನಿಯಮವಿತ್ತು, ಹಾಗಾಗಿ ನಮ್ಮಿಬ್ಬರ ದೂರು-ಉತ್ತರ ಬೆಂಗಳೂರಿನ ಸರ್ವರ್ ಸುತ್ತಿಕೊಂಡೇ ಓಡಾಡಿತು. ಇಂಗ್ಲಿಷಿನಲ್ಲಿದ್ದ ಆ ಮೇಲನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

"ನನಗೆ ಎರಡು ಮಾನಿಟರ್ ಇವೆ. ಎಡಗಡೆಯದು ಎಚ್‌ಡಿಎಂಐ, ಬಲಗಡೆಯದು ಡಿಸ್‌ಪ್ಲೇ ಪೋರ್ಟ್. ಐದು ನಿಮಿಷ ಎದ್ದು ಹೋಗಿ ಬಂದರೆ ಎರಡೂ ಬರುತ್ತವೆ. ಊಟ ಮುಗಿಸಿ ಬಂದರೆ ಬಲಗಡೆಯದು ಮಾತ್ರ ಕಪ್ಪು. ಅದರ ದೀಪ ಕೇಸರಿ ಬಣ್ಣದಲ್ಲಿ ನಿಧಾನವಾಗಿ ಮಿನುಗುತ್ತದೆ. ಅದರಲ್ಲಿ ತೆರೆದಿಟ್ಟ ಎಕ್ಸೆಲ್ ಶೀಟುಗಳೆಲ್ಲ ಎಡಗಡೆಗೆ ಬಂದು ಕೂತಿರುತ್ತವೆ, ಮೌಸ್ ಬಲಗಡೆಗೆ ಹೋಗುವುದೇ ಇಲ್ಲ. ಮಾನಿಟರಿನ ಬಟನ್ ಒತ್ತಿ ಆರಿಸಿ ಹಾಕಿದರೆ No Signal ಎಂದು ತೋರಿಸಿ ಮತ್ತೆ ಕಪ್ಪಾಗುತ್ತದೆ. ಗೋಡೆಯ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿದರೆ ಬರುತ್ತದೆ. ಇದೇ ಮಾನಿಟರ್ ಹಳೆಯ ಸಿಸ್ಟಮ್ಮಿನಲ್ಲಿ, ವಿಜಿಎ ಕೇಬಲಿನಲ್ಲಿ ಚೆನ್ನಾಗಿಯೇ ಇತ್ತು."

ಮೌಸಿನ ಸಾಲು ಓದಿದ ಕೂಡಲೇ ಅರ್ಧ ಕೆಲಸ ಆಗಿಹೋಗಿತ್ತು. ಡಿಸ್‌ಪ್ಲೇ ಪೋರ್ಟ್ ಕೇಬಲಿನಲ್ಲಿ 20 ಪಿನ್ನುಗಳಿವೆ. ಅವುಗಳಲ್ಲಿ 18ನೆಯದು, ಮಾನಿಟರ್ ತಾನಿದ್ದೇನೆ ಎಂದು ಕಂಪ್ಯೂಟರಿಗೆ ತಿಳಿಸುವ ತಂತಿ. ಅದರಲ್ಲಿ ವೋಲ್ಟೇಜ್ ಇಳಿದರೆ, ಯಾರೋ ಕೇಬಲ್ ಕಿತ್ತರೆಂದೇ ಕಂಪ್ಯೂಟರ್ ತಿಳಿಯುತ್ತದೆ. ಅಲ್ಲಿದ್ದ ಕಿಟಕಿಗಳನ್ನೆಲ್ಲ ಉಳಿದ ಪರದೆಗೆ ಸಾಗಿಸಿ, ಮೌಸಿನ ದಾರಿ ಮುಚ್ಚುತ್ತದೆ. ಎಕ್ಸೆಲ್ ಶೀಟುಗಳು ವಲಸೆ ಬಂದದ್ದು ಹೀಗೆ. ಅಂದರೆ ಚಿತ್ರ ಕೆಟ್ಟಿರಲಿಲ್ಲ, ಬಲಗಡೆ ಮಾನಿಟರ್ ಒಂದಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ಗೋಡೆಯ ಸ್ವಿಚ್ಚಿನ ಸಾಲು ಇನ್ನೊಂದು ವಿಷಯ ಹೇಳುತ್ತಿತ್ತು. ಮಾನಿಟರಿನ ಬಟನ್ ಒತ್ತಿದರೆ ಒಳಗಿನ ಸರ್ಕ್ಯೂಟಿಗೆ ಕರೆಂಟ್ ಪೂರ್ತಿ ನಿಲ್ಲುವುದಿಲ್ಲ. ಗೋಡೆಯಲ್ಲಿ ಆರಿಸಿದರೆ ಮಾತ್ರ ಅದು ಮೊದಲಿನಿಂದ ಶುರು ಮಾಡುತ್ತದೆ. ಬಟನ್ನಿಗೆ ಬಗ್ಗದ್ದು ಗೋಡೆ ಸ್ವಿಚ್ಚಿಗೆ ಬಗ್ಗಿತೆಂದರೆ ಸಿಕ್ಕಿಕೊಂಡಿರುವುದು ಮಾನಿಟರಿನ ಒಳಗೇ ಇರಬೇಕು ಎಂಬ ಅನುಮಾನ ನನಗೆ. ಆದರೂ ಡ್ರೈವರನ್ನು ಹಾಗೇ ಬಿಡುವಂತಿಲ್ಲವಲ್ಲ. ಪರದೆ ಕಪ್ಪಾಗಿರುವಾಗ Win + Ctrl + Shift + B ಒಟ್ಟಿಗೆ ಒತ್ತಲು ಹೇಳಿದೆ. ವಿಂಡೋಸಿನಲ್ಲಿ ಅದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಎಬ್ಬಿಸುವ ಕೀಲಿ. ತೆರೆದ ಫೈಲುಗಳಿಗೆ ತೊಂದರೆಯಿಲ್ಲ. ಎಡಗಡೆ ಪರದೆ ಒಮ್ಮೆ ಮಿಟುಕಿ 'ಬೀಪ್' ಅಂತು, ಬಲಗಡೆ ಕದಲಲಿಲ್ಲ ಎಂದು ಉತ್ತರ ಬಂತು.

ಉಳಿದ ಪ್ರಶ್ನೆ ಒಂದೇ: ನಿದ್ದೆ ಹೋಗುತ್ತಿರುವವರು ಯಾರು? 'ಸ್ಲೀಪ್ ಆದ ಮೇಲೆ ಕಪ್ಪು' ಎಂದು ಎಲ್ಲರೂ ಬರೆಯುತ್ತಾರೆ. ಆದರೆ ವಿಂಡೋಸಿನಲ್ಲಿ ಪರದೆ ಆರುವ ಸಮಯ ಬೇರೆ, ಕಂಪ್ಯೂಟರೇ ಮಲಗುವ ಸಮಯ ಬೇರೆ. ಇವೆರಡರ ಜೊತೆ ಮಾನಿಟರಿಗೆ ತನ್ನದೇ ಆದ ನಿದ್ದೆಯೂ ಇದೆ. ಸಿಗ್ನಲ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಕೆಲವು ಮಾನಿಟರುಗಳು ಕರೆಂಟ್ ಉಳಿಸಲು ಇನ್ನೂ ಆಳಕ್ಕೆ ಇಳಿಯುತ್ತವೆ. ಮೂರರಲ್ಲಿ ಯಾವುದು ಎಂದು ಬೇರ್ಪಡಿಸದೆ ಔಷಧಿ ಕೊಡುವುದು ದಂಡ. ಹಾಗಾಗಿ ಕಂಪ್ಯೂಟರಿನ ಸ್ಲೀಪನ್ನು Never ಮಾಡಿ, ಪರದೆ ಆರುವುದನ್ನು ಒಂದು ನಿಮಿಷಕ್ಕೆ ಇಟ್ಟು, ಒಂದು ಹಾಡು ಹಾಕಿಟ್ಟು ಊಟಕ್ಕೆ ಹೋಗಿ ಎಂದು ಬರೆದೆ. ಮಧ್ಯಾಹ್ನ ಉತ್ತರ ಬಂತು: ಹಾಡು ನಿಂತಿಲ್ಲ, ಎಡಗಡೆ ತಕ್ಷಣ ಬಂತು, ಬಲಗಡೆ ಕಪ್ಪು. ಕಂಪ್ಯೂಟರ್ ಎಚ್ಚರವಾಗಿಯೇ ಇತ್ತು. ಮಲಗಿ ಏಳದೆ ಇದ್ದದ್ದು ಮಾನಿಟರ್.

ಮಾನಿಟರಿನ ಅಂಚಿನಲ್ಲಿರುವ ಬಟನ್ನುಗಳಿಂದ ಅದರದೇ ಮೆನು ತೆರೆಯುತ್ತದೆ. ಮೊದಲು ಇನ್‌ಪುಟ್ ಸೋರ್ಸನ್ನು Auto ಬಿಡಿಸಿ DisplayPort ಎಂದು ಕಟ್ಟಿಹಾಕಿಸಿದೆ. ಆಟೋದಲ್ಲಿದ್ದರೆ ಕೆಲವು ಮಾನಿಟರುಗಳು ಒಂದೊಂದೇ ಪೋರ್ಟ್ ಹುಡುಕುತ್ತ ಹೋಗಿ ಸುಸ್ತಾಗಿ ಮಲಗುತ್ತವೆ. ಮಾರನೆಯ ದಿನವೂ ಕಪ್ಪೇ. ಆಮೇಲೆ ಅದೇ ಮೆನುವಿನ Deep Sleep ಎಂಬುದನ್ನು Off ಮಾಡಿಸಿದೆ. ಅಲ್ಲಿಗೆ ಸರಿಹೋಯಿತು. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುತ್ತಿರಲಿಲ್ಲ, ಅದೇ ಮಾಡೆಲ್ ಇಟ್ಟುಕೊಂಡ ಉಳಿದವರಿಗೆ ಹೇಳಲೂ ಆಗುತ್ತಿರಲಿಲ್ಲ. ಸುಮ್ಮನಿರುವಾಗ ಮಾನಿಟರ್ ಚೂರು ಹೆಚ್ಚು ಕರೆಂಟ್ ತಿನ್ನುತ್ತದೆ, ಅಷ್ಟೇ. ಈ ಆಯ್ಕೆ ಎಲ್ಲ ಮಾನಿಟರಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಎಚ್‌ಡಿಎಂಐ ಕೇಬಲಿಗೆ ಬದಲಿಸಿ ನೋಡುವುದೊಂದು ದಾರಿ. ವಿಜಿಎಯಲ್ಲಿ ಈ ಕಾಟ ಏಕಿರಲಿಲ್ಲ ಎಂದು ಮೇಡಂ ಕೇಳಿದ್ದರು. ವಿಜಿಎಯಲ್ಲಿ ಆ ಇರುವಿಕೆಯ ತಂತಿಯೇ ಇಲ್ಲ, ಮಾನಿಟರ್ ಉತ್ತರ ಕೊಡಲಿ ಬಿಡಲಿ ಚಿತ್ರ ಹೋಗುತ್ತಲೇ ಇರುತ್ತದೆ ಎಂದು ಬರೆದೆ.

ಅದೇ ತಿಂಗಳು ಒಂದು ಸಾಲಿನ ಮೇಲ್ ಕಳಿಸಿದ ಇನ್ನೊಬ್ಬರ ಕಥೆ ಬೇರೆ. ಅವರ ದೂರೂ ಸ್ಲೀಪ್ ಆದ ಮೇಲೆ ಕಪ್ಪು ಎಂಬುದೇ. ಪ್ರಶ್ನೆಯ ಮೇಲೆ ಪ್ರಶ್ನೆ ಕಳಿಸಿ ತಿಳಿದದ್ದು: ಅವರ ಮೌಸ್ ಕತ್ತಲೊಳಗೆ ಹೋಗುತ್ತಿತ್ತು, ಕಿಟಕಿಗಳು ಜಾಗ ಬಿಟ್ಟಿರಲಿಲ್ಲ. ಅಂದರೆ ಕಂಪ್ಯೂಟರಿಗೆ ಮಾನಿಟರ್ ಕಾಣುತ್ತಲೇ ಇತ್ತು. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ ಎಂದೆ. ಅಕ್ಷರಗಳು ಮಸುಕಾಗಿ ಕಂಡವಂತೆ. ಚಿತ್ರವಿದೆ, ಹಿಂದಿನ ಬೆಳಕಿಲ್ಲ. ಬ್ಯಾಕ್‌ಲೈಟ್ ಹೋಗುವ ಹಂತದಲ್ಲಿತ್ತು, ಒಮ್ಮೆ ಆರಿದರೆ ಮತ್ತೆ ಹೊತ್ತಿಕೊಳ್ಳಲು ಒದ್ದಾಡುತ್ತಿತ್ತು. ಸ್ಲೀಪಿಗೂ ಅದಕ್ಕೂ ಬೇರೆ ಸಂಬಂಧವಿರಲಿಲ್ಲ. ಆ ಮಾನಿಟರನ್ನೇ ಬದಲಿಸಿದೆವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಪ್ಪು, ಒಂದೇ ದೂರು.

ನಮ್ಮ ಕಡೆಯ ಇನ್ನೊಂದು ಕಾರಣ ಬೆಂಗಳೂರಿನ ಹುಡುಗರಿಗೆ ಹೊಳೆಯುತ್ತಲೇ ಇರಲಿಲ್ಲ. ಮನೆಯ ಯುಪಿಎಸ್ಸಿಗೆ ಸಿಪಿಯು, ಒಂದು ಮಾನಿಟರ್ ಸಿಕ್ಕಿಸಿ, ಜಾಗ ಸಾಲದೆ ಎರಡನೆಯದನ್ನು ಗೋಡೆಯ ಪ್ಲಗ್ಗಿಗೆ ಹಾಕಿರುತ್ತಾರೆ. ಮಧ್ಯಾಹ್ನ ಕರೆಂಟ್ ಹೋಗಿ ಬಂದರೆ ಎರಡನೆಯದು ಮಾತ್ರ ಆರಿರುತ್ತದೆ. ದೀಪವೇ ಉರಿಯುತ್ತಿಲ್ಲ ಎಂದು ಮೇಲಿನಲ್ಲಿ ಇದ್ದರೆ ನಾನು ಮೊದಲು ಕೇಳುವುದು ಇದನ್ನೇ.

ಈಗ ಬೈಕ್ ಹತ್ತಿ ಬರುವವರು ಕಡಿಮೆ. ನಿಮ್ಮ ಮೇಲ್ ಓದುವ ಹುಡುಗ ಯಾವ ಊರಿನಲ್ಲಿ ಕೂತಿರುತ್ತಾನೋ, ನೀವು ಬರೆದಷ್ಟೇ ಅವನಿಗೆ ಕಾಣುವುದು. ಎರಡನೇ ಮಾನಿಟರ್ ಕಪ್ಪಾದರೆ, ಸ್ವಿಚ್ ಮುಟ್ಟುವ ಮುಂಚೆ ಮೌಸನ್ನು ಆ ಕಡೆಗೆ ಒಮ್ಮೆ ಎಳೆದು ನೋಡಿ. ಹೋಯಿತೋ ಇಲ್ಲವೋ, ದೀಪ ಯಾವ ಬಣ್ಣದಲ್ಲಿತ್ತು, ಎಷ್ಟು ಹೊತ್ತು ಬಿಟ್ಟು ಬಂದಿರಿ, ಯಾವ ಕೇಬಲ್, ಏನು ಮಾಡಿದರೆ ಬಂತು ಎಂದು ಬರೆಯಿರಿ. ಅರ್ಜೆಂಟ್ ಎಂದು ಬರೆಯದಿದ್ದರೂ ನಡೆಯುತ್ತದೆ.