ಕುಣಿಯುವ ಶೀರ್ಷಿಕೆಗಳು

ಗೆಳತಿಯ ಸೆಮಿನಾರಿನ ಸ್ಲೈಡುಗಳನ್ನು ನೋಡಲು ಕೂತಾಗ ಮೊದಲು ಶೀರ್ಷಿಕೆಗಳನ್ನಷ್ಟೇ ಸಾಲಾಗಿ ಓದಿದೆ. 5 ಕಡೆ ಬರೀ ‘ಫಲಿತಾಂಶ’. ಏನು ಸಿಕ್ಕಿತೋ ಅದನ್ನೇ ಶೀರ್ಷಿಕೆ ಮಾಡು ಅಂದೆ. ‘ಮಳೆ ತಡವಾದಾಗ ಶೇಂಗಾ ಬಿಟ್ಟು ರಾಗಿ ಬಿತ್ತಿದರು’ ಎಂಬ ಸಾಲು ಎರಡು ಸ್ಲೈಡಿಗೂ ಹೊಂದಿತು; ಅಂದರೆ ಒಂದು ಹೆಚ್ಚಿನದು.

ಆಮೇಲೆ ಸರಸರನೆ ಮುಂದೆ ಸರಿಸಿದೆ. ಕೆಲವೆಡೆ ಶೀರ್ಷಿಕೆ ಕುಣಿಯಿತು. ಮೌಸ್ ತಾಗಿ ಸರಿದ ಚೌಕ `Reset` ಒತ್ತಿದರೆ ಲೇಔಟಿನ ಜಾಗಕ್ಕೆ ಮರಳುತ್ತದೆ. ಬೇರೆಯಾಗಿ ಎಳೆದ ಟೆಕ್ಸ್ಟ್ ಬಾಕ್ಸ್ ಮರಳದು, ಅದರ ಮಾತನ್ನು ಶೀರ್ಷಿಕೆಯ ಚೌಕಕ್ಕೇ ಅಂಟಿಸಬೇಕು. ಅಕ್ಷರದ ಗಾತ್ರ ಏರುಪೇರಾದರೆ ಕಣ್ಣಿಗಷ್ಟೇ ಕಿರಿಕಿರಿ. ಒಂದು ಗ್ರಾಫಿನಲ್ಲಿ ಹಸಿರಾಗಿದ್ದ ರಾಗಿ ಮುಂದಿನದರಲ್ಲಿ ಶೇಂಗಾದ ಕೆಂಪು ತೊಟ್ಟರೆ ಅರ್ಥವೇ ತಲೆಕೆಳಗು.

“ಆ ಹೆಚ್ಚಿನ ಗ್ರಾಫಿಗೆ ವಾರ ಹಿಡೀತು ಕಣೇ, ತೆಗೆಯಲ್ಲ” ಅಂದಳು. ಧನ್ಯವಾದದ ಸ್ಲೈಡಿನ ಆಚೆ ಇಟ್ಟುಕೋ, ಯಾರಾದರೂ ಕೇಳಿದರೆ ತೋರಿಸು ಅಂದೆ.