ಲಾಭದಲ್ಲಿ ಮೂವತ್ತು, ಸಾಲದಲ್ಲಿ ನೂರು

ಭೋಸರಿ ಎಂಐಡಿಸಿಯ ಒಂದು ವರ್ಕ್‌ಶಾಪಿನ ಹೊರಗೆ ನಿಂತು ಚಹಾ ಕುಡಿಯುತ್ತಿದ್ದಾಗ ಭಟ್ಟ ಕೇಳಿದ. "ಬಂದುಬಿಡು ಮಾರಾಯ. ಕೋ-ಫೌಂಡರ್ ಆಗಿ ಬಾ. ಮೂವತ್ತು ಪರ್ಸೆಂಟ್ ನಿಂದು." ನಾನು ಆ ಕ್ಷಣಕ್ಕೆ ನಕ್ಕು ಮಾತು ಹಾರಿಸಿದೆ. ಆದರೆ ವಾಕಡಿನ ಮನೆ ಮುಟ್ಟುವಷ್ಟರಲ್ಲಿ ಆ ಮೂವತ್ತು ತಲೆಯೊಳಗೆ ಮನೆಮಾಡಿತ್ತು.

ಭಟ್ಟ ಎಂಬುದು ಅವನ ನಿಜವಾದ ಹೆಸರಲ್ಲ. ಸುರತ್ಕಲ್ಲಿನಲ್ಲಿ ಎಂಟೆಕ್ ಮಾಡುವಾಗ ಹಾಸ್ಟೆಲ್ ಮೆಸ್ಸಿನ ಉಸ್ತುವಾರಿ ಅವನದಿತ್ತು, ಅದಕ್ಕೆ ನಾವಿಟ್ಟ ಹೆಸರು. ಎರಡು ವರ್ಷ ನನ್ನ ರೂಮ್‌ಮೇಟ್. ಮೆಸ್ಸಿನ ಲೆಕ್ಕದಲ್ಲಿ ಒಂದು ರೂಪಾಯಿ ಅತ್ತಿತ್ತ ಆದದ್ದು ನಾನು ನೋಡಿಲ್ಲ. ಅವನು ಮೋಸ ಮಾಡಬಹುದೇ ಎಂಬ ಪ್ರಶ್ನೆ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನಗೆ ತಿಳಿಯಲು ತಡವಾದದ್ದು ಏನೆಂದರೆ, ಇಂಥ ನಿರ್ಧಾರದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಅಲ್ಲ.

ಅವನ ಕೆಲಸ ಸಣ್ಣ ಸಿಎನ್‌ಸಿ ವರ್ಕ್‌ಶಾಪುಗಳಿಗೆ. ಮಷೀನಿಗೆ ಒಂದು ಪುಟ್ಟ ಡಬ್ಬಿ ಕೂರಿಸುತ್ತಾನೆ. ಅದು ಮಷೀನು ಎಳೆಯುವ ಕರೆಂಟು ನೋಡಿ, ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಖಾಲಿ ನಿಂತಿತ್ತು, ಎಷ್ಟು ಪೀಸು ಹೊರಬಂದವು ಎಂದು ಮಾಲೀಕರ ಮೊಬೈಲಿಗೆ ಕಳಿಸುತ್ತದೆ. ತಿಂಗಳಿಗೆ ಮಷೀನೊಂದಕ್ಕೆ ₹1,500. ನಾನು ಕೇಳುವ ಹೊತ್ತಿಗೆ ಭೋಸರಿ, ಚಾಕಣ ಸೇರಿ 160 ಮಷೀನುಗಳಲ್ಲಿ ಡಬ್ಬಿ ಇತ್ತು. ಅಂದರೆ ತಿಂಗಳಿಗೆ 2.4 ಲಕ್ಷ ಆದಾಯ. ಐದು ಜನರ ಸಂಬಳ, ಬಾಡಿಗೆ, ಬಿಡಿಭಾಗ ಎಲ್ಲ ಸೇರಿ ಖರ್ಚು 4.6 ಲಕ್ಷ. ನಡುವಿನ 2.2 ಲಕ್ಷ ಎಲ್ಲಿಂದ ಬರುತ್ತದೆ ಎಂದು ನಾನು ಆ ದಿನ ಕೇಳಲಿಲ್ಲ. ಮೂವತ್ತರ ಗುಂಗಿನಲ್ಲಿದ್ದೆ.

ಸೀದಾ ಉತ್ತರ ಕೊಡುವ ಬದಲು, ಆರು ಶನಿವಾರ ಅವನ ಜೊತೆ ಕೆಲಸ ಮಾಡುತ್ತೇನೆ ಎಂದೆ. ಮೂರನೆಯ ಶನಿವಾರ ಚಾಕಣದ ಒಬ್ಬ ಮಾಲೀಕರು ದರ ಜಾಸ್ತಿಯಾಯಿತು ಎಂದರು. ಭಟ್ಟ ಅಲ್ಲೇ ₹1,100ಕ್ಕೆ ಇಳಿಸಿದ. ಜೊತೆಗೆ, ಟೂಲ್ ಬದಲಿಸುವ ಸಮಯ ಬಂದಾಗ ಎಚ್ಚರಿಕೆ ಕೊಡುವ ಸೌಲಭ್ಯವನ್ನು ಎರಡು ವಾರದಲ್ಲಿ ಮಾಡಿಕೊಡುತ್ತೇವೆ ಎಂದೂ ಹೇಳಿಬಿಟ್ಟ. ಆ ಕೆಲಸಕ್ಕೆ ಕನಿಷ್ಠ ಎರಡು ತಿಂಗಳು ಬೇಕೆಂದು ಪಕ್ಕದಲ್ಲಿ ನಿಂತಿದ್ದ ನನಗೆ ಗೊತ್ತಿತ್ತು. ಹದಿನೆಂಟು ವರ್ಷ ಇಂಥ ಮಾತು ಕೊಟ್ಟವರ ಹಿಂದೆ ಕೆಲಸ ಮುಗಿಸುವುದೇ ನನ್ನ ಉದ್ಯೋಗ. ಇದು ಮೋಸವಲ್ಲ, ಅವನ ಸ್ವಭಾವ. ಗಿರಾಕಿಯನ್ನು ಬೇಸರಪಡಿಸಲು ಅವನಿಗೆ ಆಗುವುದಿಲ್ಲ. ಅದೇ ಕಾರಣಕ್ಕೆ ಅವನಿಗೆ 160 ಮಷೀನು ಸಿಕ್ಕಿವೆ, ಅದೇ ಕಾರಣಕ್ಕೆ ದುಡ್ಡೂ ಸೋರುತ್ತಿದೆ. ನಮ್ಮಿಬ್ಬರ ಪಾತ್ರ ಯಾವುದು ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತು: ಮಾರುವುದು ಅವನು, ದರ ಮತ್ತು ದಿನಾಂಕ ಹೇಳುವುದು ನಾನು.

ಇನ್ನು ಪಾಲಿನ ವಿಷಯ. ಕಂಪನಿಯಲ್ಲಿ ಒಟ್ಟು 10,000 ಷೇರು. ಭಟ್ಟನ ಹೆಸರಿನಲ್ಲಿ 8,500, ಅವನ ಹೆಂಡತಿಯ ತಮ್ಮನ ಹೆಸರಿನಲ್ಲಿ 1,500. ಆ ಹುಡುಗ ಮೊದಲ ಐದು ತಿಂಗಳು ಕೋಡ್ ಬರೆದು, ಬೇರೆ ಕೆಲಸ ಸಿಕ್ಕಿ ಹೋದ. ಷೇರು ಮಾತ್ರ ಅವನ ಬಳಿಯೇ ಉಳಿಯಿತು. ನನಗೆ ಶೇ. 30 ಬರಬೇಕಾದರೆ 4,286 ಹೊಸ ಷೇರು ಹೊರಡಿಸಬೇಕು. ಆಗಲೂ ಆ ಹುಡುಗನಿಗೆ ಶೇ. 10.5 ಉಳಿಯುತ್ತದೆ. ನಾಳೆ ಹಣ ಹೂಡಲು ಬಂದವರು, ಇಲ್ಲಿ ಕೆಲಸ ಮಾಡದವನಿಗೆ ಇಷ್ಟು ಪಾಲು ಏಕೆ ಎಂದು ಕೇಳದೆ ಬಿಡುವುದಿಲ್ಲ.

ನನ್ನ ಪಾಲನ್ನು ಒಮ್ಮೆಲೇ ಕೊಡಬೇಡ, ನಾಲ್ಕು ವರ್ಷಕ್ಕೆ ಹಂಚು ಎಂದೆ. ಮೊದಲ ವರ್ಷ ತುಂಬುವವರೆಗೆ ಏನೂ ಇಲ್ಲ. ತುಂಬಿದ ದಿನ ಕಾಲು ಭಾಗ, ಆಮೇಲೆ ತಿಂಗಳು ತಿಂಗಳು ಅಷ್ಟಷ್ಟು. ಇಪ್ಪತ್ತನೆಯ ತಿಂಗಳು ನಾನು ಬಿಟ್ಟುಹೋದರೆ 48ರಲ್ಲಿ 20 ಭಾಗ ಮಾತ್ರ ನನ್ನದು. ಭಟ್ಟನ ಮುಖ ಸಣ್ಣದಾಯಿತು. "ನಮ್ಮ ನಡುವೆ ಇದೆಲ್ಲ ಎಂತಕ್ಕೆ?" ಎಂದ. ನಾನು ಅವನ ಭಾಮೈದನ ಹೆಸರು ಹೇಳಿದೆ. ಈ ನಿಯಮ ಮೊದಲೇ ಇದ್ದಿದ್ದರೆ ಐದು ತಿಂಗಳಿಗೆ ಆ ಹುಡುಗನಿಗೆ ಒಂದು ಷೇರೂ ಸಿಗುತ್ತಿರಲಿಲ್ಲ. ಭಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ" ಎಂದ.

ನಮ್ಮ ಸಿಎ ಇನ್ನೊಂದು ಗುಂಡಿ ತೋರಿಸಿದರು. ನಡೆಯುತ್ತಿರುವ ಕಂಪನಿಯ ಷೇರನ್ನು ಕೆಲಸಕ್ಕೆ ಬಂದವನಿಗೆ ₹10ರ ಮುಖಬೆಲೆಗೆ ಕೊಟ್ಟರೆ, ನಿಜವಾದ ಬೆಲೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಆದಾಯ ತೆರಿಗೆಯವರು ಸಂಬಳವೆಂದೇ ಲೆಕ್ಕ ಹಾಕುತ್ತಾರೆ. ಷೇರಿಗೆ ₹1,000 ಎಂದು ಮೌಲ್ಯ ಕಟ್ಟಿದರೆ ನನ್ನ 4,286 ಷೇರಿನ ಬೆಲೆ ಸುಮಾರು 43 ಲಕ್ಷ. ಅದರ ಮೇಲೆ ಶೇ. 30ರಂತೆ ಹದಿಮೂರು ಲಕ್ಷದಷ್ಟು ತೆರಿಗೆ. ಮಾರಲಾಗದ ಕಾಗದಕ್ಕೆ ಕೈಯಿಂದ ನಗದು ಕಟ್ಟಬೇಕು! ಅದರ ಬದಲು ಆಪ್ಷನ್ ಬರೆಸಿಕೊಳ್ಳಿ, ಅದನ್ನು ಷೇರಾಗಿ ಮಾಡಿಕೊಳ್ಳುವ ದಿನ ಮಾತ್ರ ತೆರಿಗೆ ಬರುತ್ತದೆ ಎಂದರು. ಹಾಗೇ ಮಾಡುವುದೆಂದು ಒಪ್ಪಿದೆವು.

ಇಷ್ಟೆಲ್ಲ ಆದ ಮೇಲೆ, ಕೊನೆಯಲ್ಲಿ, ಮೊದಲೇ ಕೇಳಬೇಕಿದ್ದನ್ನು ಕೇಳಿದೆ: ತಿಂಗಳ 2.2 ಲಕ್ಷ ಎಲ್ಲಿಂದ? ಭಟ್ಟ ಏನೂ ಮುಚ್ಚಿಡದೆ ಬ್ಯಾಂಕಿನ ಮಂಜೂರಾತಿ ಪತ್ರ ಕಳಿಸಿದ. 40 ಲಕ್ಷದ ಓವರ್‌ಡ್ರಾಫ್ಟ್, ಅದರಲ್ಲಿ 27 ಲಕ್ಷ ಆಗಲೇ ಬಳಕೆಯಾಗಿದೆ. ಉಳಿದ 13 ಲಕ್ಷ ಆರು ತಿಂಗಳಿಗೆ ಸಾಕು. ತಿಂಗಳಿಗೆ 60,000ದಂತೆ ನನ್ನ ಸಂಬಳ ಸೇರಿದರೆ ಐದು ತಿಂಗಳೂ ಬರುವುದಿಲ್ಲ. ನಾಲ್ಕನೆಯ ಪುಟದಲ್ಲಿ ಒಂದು ಸಾಲಿತ್ತು: ಎಲ್ಲ ನಿರ್ದೇಶಕರೂ ವೈಯಕ್ತಿಕ ಜಾಮೀನು ಕೊಡತಕ್ಕದ್ದು.

ಭಟ್ಟ ಇದನ್ನು ನನಗೆ ಹೇಳಿರಲಿಲ್ಲ. ಬಚ್ಚಿಟ್ಟದ್ದಲ್ಲ. ಸಹಿ ಹಾಕಿ ಎರಡು ವರ್ಷವಾಗಿ ಅದು ಅವನಿಗೆ ಉಸಿರಾಟದಷ್ಟು ಸಹಜವಾಗಿತ್ತು. "ಅದು ಎಲ್ಲರೂ ಹಾಕುವ ಸಹಿ ಮಾರಾಯ" ಎಂದ.

ಪ್ರೈವೇಟ್ ಲಿಮಿಟೆಡ್ ಕಂಪನಿ ಮುಳುಗಿದರೆ ಷೇರುದಾರನ ನಷ್ಟ ಷೇರಿಗೇ ಮುಗಿಯುತ್ತದೆ ಎಂಬ ಧೈರ್ಯದ ಮೇಲೆ ನಾನು ಅಷ್ಟು ದಿನ ಲೆಕ್ಕ ಹಾಕಿದ್ದೆ. ಜಾಮೀನು ಆ ಗೋಡೆಯನ್ನೇ ಕೆಡವುತ್ತದೆ. 1872ರ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಇಬ್ಬರು ಜಾಮೀನು ನಿಂತಿದ್ದರೆ ಬ್ಯಾಂಕು ಅರ್ಧರ್ಧ ಕೇಳಬೇಕೆಂದಿಲ್ಲ. ಯಾರ ಬಳಿ ಫ್ಲ್ಯಾಟ್ ಇದೆಯೋ ಅವರಿಂದಲೇ ಪೂರ್ತಿ ವಸೂಲಿ ಮಾಡಬಹುದು. ಆಮೇಲೆ ನಾನು ಭಟ್ಟನಿಂದ ಅವನ ಪಾಲು ಕೇಳಬಹುದು ನಿಜ. ಆದರೆ ಆಗ ಅವನ ಕೈಯಲ್ಲಿ ಏನಿರುತ್ತದೆ? ಇನ್ನೂ ಒಂದು ವಿಚಿತ್ರ: ನನ್ನ ಸಂಬಳ ಬರುವುದೂ ಅದೇ ಓವರ್‌ಡ್ರಾಫ್ಟಿನಿಂದ. ನನ್ನ ಸಂಬಳಕ್ಕೆ ನಾನೇ ಜಾಮೀನು.

ರಾತ್ರಿ ಊಟದ ಮೇಜಿನ ಮೇಲೆ ಪತ್ರ ಇಟ್ಟೆ. ಹೆಂಡತಿ ಓದಿ ಒಂದೇ ಮಾತು ಕೇಳಿದಳು. "ಲಾಭದಾಗ ಮೂವತ್ತು, ಸಾಲದಾಗ ನೂರು. ಇದ್ಯಾವ ಲೆಕ್ಕ ರೀ?"

ಮರುದಿನ ಧಾರವಾಡಕ್ಕೆ ಫೋನ್ ಮಾಡಿದೆ. ಅಪ್ಪ ಕನ್ನಡ ಶಾಲೆ ಮಾಸ್ತರರಾಗಿದ್ದವರು. ನೌಕರರ ಪತ್ತಿನ ಸಂಘದಲ್ಲಿ ಸಹೋದ್ಯೋಗಿಯೊಬ್ಬರ ಸಾಲಕ್ಕೆ ಜಾಮೀನು ನಿಂತು, ಅವರು ಕಟ್ಟದೆ ಹೋದಾಗ ಮೂರು ವರ್ಷ ಇವರ ಪಗಾರದಲ್ಲಿ ಕಡಿತವಾಗಿತ್ತು. ನಾನು ಆಗ ಏಳನೆಯ ಇಯತ್ತೆ. ಆ ವರ್ಷಗಳ ದೀಪಾವಳಿ ನನಗೆ ನೆನಪಿದೆ. ಅಪ್ಪ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವ ಕೆಟ್ಟವ ಇದ್ದಿದ್ದಿಲ್ಲಪಾ. ಅವನ ಕೈಯಾಗ ಆಗಲಿಲ್ಲ, ಅಷ್ಟ. ಗೆಳ್ಯಾನ ಕೂಡ ದುಡಿ, ಬ್ಯಾಡ ಅನ್ನೂದಿಲ್ಲ. ಜಾಮೀನ ಮಾತ್ರ ನಿಂದರಬ್ಯಾಡ."

ನನ್ನ ಮನೆಯ ಲೆಕ್ಕ ಹೀಗಿತ್ತು. ಇಎಂಐ 46,000 ಸೇರಿ ತಿಂಗಳ ಖರ್ಚು 1.15 ಲಕ್ಷ. ಹೊಸ ಸಂಬಳ 60,000. ಕೊರತೆ 55,000. ಕೈಯಲ್ಲಿ 16 ಲಕ್ಷ. ಅದರಲ್ಲಿ 5 ಲಕ್ಷ ಮುಟ್ಟುವಂತಿಲ್ಲ, ಏಕೆಂದರೆ ಕಂಪನಿ ಬಿಟ್ಟ ದಿನ ಅಪ್ಪನ ಆರೋಗ್ಯ ವಿಮೆಯೂ ಹೋಗುತ್ತದೆ. 74 ವಯಸ್ಸು, ಸಕ್ಕರೆ ಕಾಯಿಲೆ. ಹೊಸ ಪಾಲಿಸಿಯಲ್ಲಿ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಉಳಿದ 11 ಲಕ್ಷ 20 ತಿಂಗಳು ನಡೆಸುತ್ತದೆ. ಸೋತರೆ 20 ತಿಂಗಳಾದ ಮೇಲೆ ಮತ್ತೆ ಕೆಲಸ ಹುಡುಕುತ್ತೇನೆ. ಆ ನಷ್ಟಕ್ಕೆ ತಳವಿದೆ, ಅದನ್ನು ನಾನು ತಾಳಬಲ್ಲೆ. ಜಾಮೀನಿಗೆ ತಳವಿಲ್ಲ.

ಭಾನುವಾರ ಭಟ್ಟ ಊಟಕ್ಕೆ ಬಂದ. ರೊಟ್ಟಿ ಮುಗಿದ ಮೇಲೆ ನಾನು ಒಂದು ಪುಟ ಕೊಟ್ಟೆ. ಅದರಲ್ಲಿ ಮೂರು ಮಾತಿದ್ದವು. ಒಂದು, ನಾನು ಈಗ ನಿರ್ದೇಶಕನಾಗುವುದಿಲ್ಲ, ಜಾಮೀನಿಗೆ ಸಹಿ ಹಾಕುವುದಿಲ್ಲ. ಓವರ್‌ಡ್ರಾಫ್ಟ್ ತೀರಿದ ಮೇಲೆ ನೋಡೋಣ. ಎರಡು, ಹೊಸ ಸಾಲಕ್ಕೂ ದರ ಇಳಿಸುವುದಕ್ಕೂ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಮೂರು, ಮಾತುಕತೆಯಲ್ಲಿರುವ 90 ಮಷೀನುಗಳ ಆರ್ಡರು ಕೈಗೆ ಬಂದು, ಡಬ್ಬಿಗಳ ಹಣ ಮುಂಗಡ ಜಮೆಯಾದ ಮೇಲೆಯೇ ನಾನು ರಾಜೀನಾಮೆ ಕೊಡುವುದು. ಅದರಿಂದ ತಿಂಗಳಿಗೆ 1.35 ಲಕ್ಷ ಹೆಚ್ಚು ಬರುತ್ತದೆ, ಐದು ತಿಂಗಳ ಉಸಿರು ಒಂಬತ್ತಾಗುತ್ತದೆ.

ಅವನು ಎರಡು ಸಲ ಓದಿದ. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ.

"ನಿನ್ನ ಮೇಲಿದೆ. ಮಾರ್ಕೆಟ್ ಮೇಲಿಲ್ಲ. ಅದು ಕೈಕೊಟ್ಟರೆ ಬ್ಯಾಂಕು ಮನೆಗೆ ಬರುತ್ತದೆ."

ಅವನು ಮಾತಾಡದೆ ಎದ್ದುಹೋದ. ಹನ್ನೊಂದು ದಿನ ಫೋನ್ ಇಲ್ಲ. ಇಪ್ಪತ್ತು ವರ್ಷದ ಗೆಳೆತನವನ್ನು ಒಂದು ಹಾಳೆಗೆ ಮಾರಿದೆನೇನೋ ಅನ್ನಿಸಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹನ್ನೆರಡನೆಯ ದಿನ ಅವನೇ ಫೋನ್ ಮಾಡಿದ. ಭಾಮೈದ 1,000 ಷೇರು ಹಿಂದಿರುಗಿಸಲು ಒಪ್ಪಿದ್ದಾನೆ ಎಂದ. ಆಮೇಲೆ, "ನಿನ್ನ ಮೂರೂ ಸರಿ. ಆದ್ರೆ ಜಾಮೀನು ನನ್ನೊಬ್ಬನ ತಲೆ ಮೇಲಿದ್ರೆ ಮೂವತ್ತು ಆಗ್ಲಿಕ್ಕಿಲ್ಲ. ಇಪ್ಪತ್ತೆರಡು" ಎಂದ.

ಒಂದು ಕ್ಷಣ ಚುರುಕ್ಕೆಂದಿತು. ಮರುಕ್ಷಣ ಅದು ನ್ಯಾಯವೆನಿಸಿತು. ಅವನು ಹೊರುವ ಭಾರಕ್ಕೆ ಅವನು ಬೆಲೆ ಕೇಳಿದ್ದ, ನಾನು ಹೊರದ ಭಾರಕ್ಕೆ ನಾನು ಬೆಲೆ ಕೊಡಬೇಕಿತ್ತು. ಅವತ್ತಿನವರೆಗೆ ನಾನೊಬ್ಬನೇ ಲೆಕ್ಕ ಹಾಕುತ್ತಿದ್ದೆ. ಈಗ ಇಬ್ಬರೂ ಹಾಕಿದ್ದೆವು. ಒಪ್ಪಿದೆ.

ಆರ್ಡರು ಬಂತು, ಮುಂಗಡವೂ ಬಂತು. ನಾನೀಗ ನೋಟಿಸ್ ಪೀರಿಯಡ್ಡಿನಲ್ಲಿದ್ದೇನೆ, 90ರಲ್ಲಿ 41 ದಿನ ಉಳಿದಿವೆ. ಹೆದರಿಕೆ ಹೋಗಿಲ್ಲ. ಕಳೆದ ವಾರ ಅಪ್ಪ ಫೋನಿನಲ್ಲಿ ಕೇಳಿದರು: "ಸಹಿ ಹಾಕಿದ್ಯಾ?" "ಕೆಲಸಕ್ಕ ಹಾಕೀನಿ, ಸಾಲಕ್ಕ ಇಲ್ಲ" ಎಂದೆ. "ಹಂಗಾದ್ರ ಸರಿ" ಎಂದು ಫೋನನ್ನು ಅವ್ವನ ಕೈಗೆ ಕೊಟ್ಟರು.